ನಿಂಬೆ, ಜೇನು, ಕ್ಯಾಮೊಮೈಲ್: ಕೂದಲಿನ ಬಣ್ಣ ಇಳಿಸುವುದು ಯಾವುದು?

ನಿಂಬೆರಸ ಹಚ್ಚಿಕೊಂಡು ಬಿಸಿಲಲ್ಲಿ ಕೂತರೆ ಕೂದಲು ಹೊಂಬಣ್ಣಕ್ಕೆ ತಿರುಗುತ್ತದಂತೆ. ಜೇನುತುಪ್ಪ ಹಚ್ಚಿ ರಾತ್ರಿಯಿಡೀ ಬಿಟ್ಟರೆ ಬ್ಲೀಚ್ ಮಾಡಿಸಿದ ಹಾಗಾಗುತ್ತದಂತೆ. ಕ್ಯಾಮೊಮೈಲ್ ಹೂವಿನ ಕಷಾಯದಲ್ಲಿ ತಲೆ ತೊಳೆಯುತ್ತಿದ್ದರೆ ಬಣ್ಣ ತಾನಾಗಿ ತಿಳಿಯಾಗುತ್ತದಂತೆ. ಈ ಮೂರೂ ಮಾತುಗಳಲ್ಲಿ ಸ್ವಲ್ಪ ಸ್ವಲ್ಪ ನಿಜವಿದೆ, ಆದರೆ ಹೇಳುವವರು ತೋರಿಸುವ ಜಾಗದಲ್ಲಿಲ್ಲ. ನಿಂಬೆಯ ಹೆಸರಲ್ಲಿ ದುಡಿಯುವುದು ಬಹುಪಾಲು ಬಿಸಿಲು. ಜೇನಿನಲ್ಲಿ ಬ್ಲೀಚಿನ ಅಂಶ ಇದೆ, ಆದರೆ ಕೂದಲಿಗೆ ಲೆಕ್ಕಕ್ಕೇ ಬಾರದಷ್ಟು. ಕ್ಯಾಮೊಮೈಲ್ ಬಣ್ಣ ತೆಗೆಯುವುದೇ ಇಲ್ಲ, ಹಚ್ಚುತ್ತದೆ.

ಇದನ್ನು ಯಾರೋ ಹೇಳಿದರೆಂದು ನಂಬಬೇಕಾಗಿಲ್ಲ. ಕತ್ತರಿಸಿದ ಒಂದು ಹಿಡಿ ಕೂದಲು ಸಿಕ್ಕರೆ ಒಂದು ವಾರದೊಳಗೆ ನೀವೇ ನೋಡಬಹುದು. ತಲೆಯ ಮೇಲೆ ಏನನ್ನೂ ಸುರಿಯುವ ಮೊದಲು ಆ ಪರೀಕ್ಷೆ ಮಾಡುವುದು ಹೇಗೆ, ಅದರಲ್ಲಿ ಏನು ಕಾಣುತ್ತದೆ, ಅದಾದ ಮೇಲೂ ನಿಂಬೆ ಹಚ್ಚಲೇಬೇಕು ಅನ್ನಿಸಿದರೆ ಕೂದಲನ್ನೂ ಚರ್ಮವನ್ನೂ ಕಾಪಾಡಿಕೊಳ್ಳುವುದು ಹೇಗೆ ಎಂಬುದನ್ನು ಕ್ರಮವಾಗಿ ಬರೆಯುತ್ತೇನೆ.

ಮೊದಲು, ಬಣ್ಣ ಇರುವುದು ಎಲ್ಲಿ

ಕೂದಲಿನ ಬಣ್ಣ ಹೊರಮೈಯಲ್ಲಿಲ್ಲ. ಹೊರಗಿನದು ಬಣ್ಣವಿಲ್ಲದ, ಪಾರದರ್ಶಕವಾದ ಪದರ. ಮಾಡಿಗೆ ಹೆಂಚು ಹೊದಿಸಿದ ಹಾಗೆ ಅದರ ಚಿಕ್ಕ ಚಿಕ್ಕ ಹುರುಪೆಗಳು ಒಂದರ ಮೇಲೊಂದು ಕೂತಿರುತ್ತವೆ. ಅದರ ಒಳಗಿನ ತಿರುಳಿನಲ್ಲಿ ಮೆಲನಿನ್ ಎಂಬ ಬಣ್ಣದ ಕಣಗಳು ಹುದುಗಿವೆ. ಮೆಲನಿನ್‌ನಲ್ಲಿ ಎರಡು ಬಗೆ: ಕಪ್ಪು-ಕಂದು ಬಣ್ಣ ಕೊಡುವುದು ಯೂಮೆಲನಿನ್, ಕೆಂಪು-ಹಳದಿ ಛಾಯೆ ಕೊಡುವುದು ಫಿಯೋಮೆಲನಿನ್. ಕಪ್ಪು ಕೂದಲಿನಲ್ಲಿ ಮೊದಲನೆಯದೇ ತುಂಬಿರುತ್ತದೆ.

ಬಣ್ಣ ನಿಜವಾಗಿ ಇಳಿಯಬೇಕಾದರೆ ಯಾವುದಾದರೂ ಒಂದು ವಸ್ತು ಆ ಹೊರಪದರ ದಾಟಿ ಒಳಗೆ ಹೋಗಿ ಮೆಲನಿನ್ ಕಣಗಳನ್ನು ಒಡೆಯಬೇಕು. ಬ್ಲೀಚ್ ಮಾಡುವುದು ಇದನ್ನೇ. ಅಮೋನಿಯದಂಥ ಕ್ಷಾರ ಬೆರೆತು ಅದರ ಪಿಎಚ್ 9ರಿಂದ 10ರ ಆಸುಪಾಸಿಗೆ ಏರಿರುತ್ತದೆ. ಆ ಕ್ಷಾರಕ್ಕೆ ಕೂದಲು ಉಬ್ಬಿ, ಹುರುಪೆಗಳು ಎದ್ದು, ಶೇಕಡಾ 6ರಿಂದ 12ರಷ್ಟಿರುವ ಹೈಡ್ರೋಜನ್ ಪೆರಾಕ್ಸೈಡ್ ಒಳನುಗ್ಗುತ್ತದೆ. ಕ್ಷಾರ ಬಾಗಿಲು ತೆರೆದು ಸುಮ್ಮನಾಗುವುದಿಲ್ಲ, ಪೆರಾಕ್ಸೈಡ್ ಚುರುಕಾಗಿ ಕೆಲಸ ಮಾಡುವುದೂ ಕ್ಷಾರದಲ್ಲೇ. ಈ ಎರಡನ್ನು ನೆನಪಿಟ್ಟುಕೊಳ್ಳಿ: ಒಳಹೋಗಲು ಕ್ಷಾರ ಬೇಕು, ಮೆಲನಿನ್ ಒಡೆಯಲು ಸಾಕಷ್ಟು ಪೆರಾಕ್ಸೈಡ್ ಬೇಕು. ಅಡುಗೆಮನೆಯ ಈ ಮೂರು ವಸ್ತುಗಳು ಎಡವುವುದು ಇಲ್ಲಿಯೇ.

ಆರು ಕುಚ್ಚುಗಳ ಪರೀಕ್ಷೆ

ಕೂದಲು ಕತ್ತರಿಸಿಕೊಂಡಾಗ ಬಿದ್ದದ್ದನ್ನು ಇಟ್ಟುಕೊಳ್ಳಿ, ಇಲ್ಲದಿದ್ದರೆ ಬಾಚಣಿಗೆಗೆ ಬಂದದ್ದನ್ನು ಕೂಡಿಡಿ. ಒಂದೊಂದು ಕುಚ್ಚಿಗೆ ಮೂವತ್ತು ನಲವತ್ತು ಎಳೆ ಸಾಕು, ಉದ್ದ ಬೆರಳಿನಷ್ಟಿದ್ದರೆ ಹಿಡಿಯಲು ಸುಲಭ. ತುದಿಯ ಕೂದಲು ಬುಡದ ಕೂದಲಿಗಿಂತ ವರ್ಷಗಟ್ಟಲೆ ಹಳೆಯದು, ಬಿಸಿಲು ನೀರು ಕಂಡು ಸವೆದದ್ದು. ಒಂದು ಕುಚ್ಚಿನಲ್ಲಿ ಬರೀ ತುದಿ, ಇನ್ನೊಂದರಲ್ಲಿ ಬರೀ ಬುಡ ಬಂದರೆ ಹೋಲಿಕೆಗೆ ಅರ್ಥವಿಲ್ಲ. ಹಾಗಾಗಿ ಎಲ್ಲವನ್ನೂ ಮೊದಲು ಕಲಸಿ ಆಮೇಲೆ ಪಾಲು ಮಾಡಿ.

1. ಎಲ್ಲ ಕೂದಲನ್ನೂ ಒಟ್ಟಿಗೆ ಶಾಂಪೂ ಹಾಕಿ ತೊಳೆದು, ಪೂರ್ತಿ ಒಣಗಿಸಿ. ಎಣ್ಣೆ ಜಿಡ್ಡು ಉಳಿದರೆ ಯಾವುದೂ ಸರಿಯಾಗಿ ತಾಗುವುದಿಲ್ಲ.

2. ಆರು ಪಾಲು ಮಾಡಿ, ಒಂದೊಂದರ ತುದಿಗೆ ಬಿಳಿ ಹತ್ತಿ ದಾರ ಕಟ್ಟಿ. ಗುರುತಿಗೆ ಒಂದು ಗಂಟು, ಎರಡು ಗಂಟು, ಹೀಗೆ ಆರರವರೆಗೆ ಹಾಕಿ. ಚೀಟಿ ಅಂಟಿಸಿದರೆ ಮೊದಲ ತೊಳೆತಕ್ಕೇ ಹೋಗುತ್ತದೆ. ದಾರ ಬಿಳಿಯದೇ ಆಗಿರಲಿ, ಕಾರಣ ಮುಂದೆ ಗೊತ್ತಾಗುತ್ತದೆ.

3. ಮೊದಲ ಕುಚ್ಚಿಗೆ ಏನನ್ನೂ ಮಾಡಬೇಡಿ. ಕಾಗದದಲ್ಲಿ ಸುತ್ತಿ ಕತ್ತಲ ಡಬ್ಬಿಯಲ್ಲಿಡಿ. ಉಳಿದ ಐದನ್ನೂ ಅಳೆಯುವುದು ಇದರ ಮೇಲೆ.

4. ಎರಡನೆಯದನ್ನು ಬರೀ ನೀರಿನಲ್ಲಿ ಅದ್ದಿ ಬಿಸಿಲಿಗಿಡಿ.

5. ಮೂರನೆಯದನ್ನು ಸೋಸಿದ ನಿಂಬೆರಸ ಒಂದು ಪಾಲು, ನೀರು ಒಂದು ಪಾಲು ಬೆರೆಸಿದ್ದರಲ್ಲಿ ಅದ್ದಿ ಎರಡನೆಯದರ ಪಕ್ಕದಲ್ಲೇ ಬಿಸಿಲಿಗಿಡಿ.

6. ನಾಲ್ಕನೆಯದನ್ನು ಅದೇ ನಿಂಬೆನೀರಿನಲ್ಲಿ ಅದ್ದಿ ಕತ್ತಲಲ್ಲಿಡಿ.

7. ಐದನೆಯದಕ್ಕೆ ಜೇನು ಒಂದು ಪಾಲು, ಮೂರು ಪಾಲು ನೀರು. ಬಿಸಿ ಮಾಡದ, ಸಂಸ್ಕರಿಸದ ಜೇನಿದ್ದರೆ ಒಳ್ಳೆಯದು. ಕಲಸಿ ಒಂದು ಗಂಟೆ ಹಾಗೇ ಬಿಟ್ಟು, ಆಮೇಲೆ ಕುಚ್ಚನ್ನು ಅದ್ದಿ, ಒಣಗದಂತೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ರಾತ್ರಿಯಿಡೀ ಇಡಿ.

8. ಆರನೆಯದಕ್ಕೆ ಒಣಗಿದ ಕ್ಯಾಮೊಮೈಲ್ ಹೂವು ಎರಡು ದೊಡ್ಡ ಚಮಚ, ಕುದಿಯುವ ನೀರು ಒಂದು ಲೋಟ. ಮುಚ್ಚಿ ಅರ್ಧ ಗಂಟೆ ಬಿಟ್ಟು ಸೋಸಿ, ತಣಿದ ಮೇಲೆ ಕುಚ್ಚನ್ನು ಒಂದು ಗಂಟೆ ನೆನೆಸಿ, ನೆರಳಲ್ಲಿ ಒಣಗಿಸಿ.

ಬಿಸಿಲಿನ ಕುಚ್ಚುಗಳನ್ನು ಕಿಟಕಿಯ ಗಾಜಿನ ಹಿಂದೆ ಇಡಬೇಡಿ. ಗಾಜು ನೇರಳಾತೀತ ಕಿರಣಗಳಲ್ಲಿ ಒಂದು ಭಾಗವನ್ನು ತಡೆಯುತ್ತದೆ. ಬಯಲಲ್ಲಿ, ಗಾಳಿಗೆ ಹಾರದಂತೆ ತಟ್ಟೆಗೆ ಟೇಪ್ ಹಾಕಿ, ನಡುಹಗಲು ಎರಡು ಗಂಟೆ ಇಟ್ಟರೆ ಸಾಕು. ಸಂಜೆ ಮೊದಲನೆಯದನ್ನು ಬಿಟ್ಟು ಉಳಿದವನ್ನು ಬರೀ ನೀರಿನಲ್ಲಿ ತೊಳೆದು ಒಣಗಿಸಿ, ಜೇನಿನದನ್ನು ಮಾತ್ರ ಬೆಳಿಗ್ಗೆ ತೊಳೆಯಿರಿ. ಹೀಗೆ ಐದು ದಿನ ಮಾಡಿ, ಪ್ರತಿದಿನ ಹೊಸ ದ್ರಾವಣ ಕಲಸಿ. ಕೊನೆಯ ದಿನ ಮೊದಲನೆಯದನ್ನೂ ಸೇರಿಸಿ ಎಲ್ಲಕ್ಕೂ ಒಮ್ಮೆ ಶಾಂಪೂ ಹಾಕಿ ಒಣಗಿಸಿ, ಆಮೇಲೆ ಹೋಲಿಸಿ. ಈ ಕೊನೆಯ ತೊಳೆತ ಬಿಡಬಾರದು. ನಿಂಬೆಯ ಆಮ್ಲ, ಜೇನಿನ ಸಕ್ಕರೆ ಒಣಗಿ ಕೂದಲ ಮೇಲೆ ತೆಳ್ಳಗೆ ಬೆಳ್ಳಗೆ ಕೂತಿರುತ್ತವೆ, ಅದನ್ನೇ ಬಣ್ಣ ಇಳಿದದ್ದೆಂದು ಕಣ್ಣು ತಪ್ಪು ತಿಳಿಯುತ್ತದೆ.

ನೋಡುವಾಗ ಬಿಳಿ ಕಾಗದದ ಮೇಲೆ ಆರನ್ನೂ ಸಾಲಾಗಿ ಇಟ್ಟು, ಕಿಟಕಿಯ ಬೆಳಕಿನಲ್ಲಿ ನೋಡಿ. ಫೋಟೋ ತೆಗೆಯುವುದಾದರೆ ಆರೂ ಒಂದೇ ಚಿತ್ರದಲ್ಲಿರಲಿ. ಫೋನಿನ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಬೆಳಕನ್ನೂ ಬಣ್ಣವನ್ನೂ ತಾನೇ ಹೊಂದಿಸಿಕೊಳ್ಳುತ್ತದೆ. ಮೊದಲು-ಆಮೇಲೆ ಎಂದು ಬೇರೆ ಬೇರೆ ದಿನ ತೆಗೆದ ಜೋಡಿ ಚಿತ್ರಗಳನ್ನು ನಾನು ನಂಬದಿರುವುದು ಇದಕ್ಕೇ. ಒಂದು ದೀಪ ಬದಲಾದರೂ ಕಪ್ಪು ಕೂದಲು ಕಂದಾಗಿ ಕಾಣುತ್ತದೆ.

ನಿಂಬೆ ಮತ್ತು ಬಿಸಿಲು: ಯಾರ ಪಾಲೆಷ್ಟು

ಮೊದಲು ಒಂದನ್ನೂ ನಾಲ್ಕನ್ನೂ ಪಕ್ಕಪಕ್ಕ ಇಡಿ. ಬಣ್ಣ ಹಾಕದ, ಸಹಜ ಕೂದಲಾದರೆ ಎರಡಕ್ಕೂ ವ್ಯತ್ಯಾಸ ಸಿಗುವುದಿಲ್ಲ. ಕತ್ತಲಲ್ಲಿ ನಿಂಬೆ ಐದು ದಿನ ಕೂತರೂ ಮೆಲನಿನ್‌ಗೆ ಏನೂ ಮಾಡಲಾಗಲಿಲ್ಲ. ಕಾರಣ ಮೇಲೆ ಹೇಳಿದ್ದೇ. ನಿಂಬೆರಸದ ಪಿಎಚ್ 2ರಿಂದ 2.5ರಷ್ಟು. ಆಮ್ಲ ತಾಗಿದಾಗ ಕೂದಲಿನ ಹುರುಪೆಗಳು ಏಳುವ ಬದಲು ಒತ್ತಿ ಕೂರುತ್ತವೆ. ಒಳಗೆ ಹೋಗುವ ದಾರಿಯೂ ಇಲ್ಲ, ಹೋದರೂ ಮೆಲನಿನ್ ಒಡೆಯುವ ಶಕ್ತಿ ಸಿಟ್ರಿಕ್ ಆಮ್ಲಕ್ಕಿಲ್ಲ.

ಈಗ ಒಂದನ್ನೂ ಎರಡನ್ನೂ ನೋಡಿ. ಬರೀ ನೀರು, ಬರೀ ಬಿಸಿಲು. ಕಂದು ಕೂದಲಾದರೆ ಎರಡನೆಯದರಲ್ಲಿ ಬೆಚ್ಚನೆಯ ತಾಮ್ರದ ಛಾಯೆ ಶುರುವಾಗಿರಬಹುದು. ನೇರಳಾತೀತ ಕಿರಣಗಳು ಆಮ್ಲಜನಕದ ಜೊತೆ ಸೇರಿ ಮೆಲನಿನ್ ಅನ್ನು ನಿಧಾನವಾಗಿ ಒಡೆಯುತ್ತವೆ, ಕೂದಲು ಒದ್ದೆಯಾಗಿದ್ದರೆ ಇದು ಇನ್ನೂ ಚುರುಕು. ಹೊರಾಂಗಣದಲ್ಲಿ ಕೆಲಸ ಮಾಡುವವರ, ಈಜುವವರ ಕೂದಲ ತುದಿ ಏನೂ ಹಚ್ಚದೆಯೂ ಕೆಂಚಾಗುವುದು ಹೀಗೆಯೇ.

ಕೊನೆಗೆ ಎರಡು ಮತ್ತು ಮೂರು. ಇಡೀ ಪರೀಕ್ಷೆಯ ಗುಟ್ಟು ಈ ಜೋಡಿಯಲ್ಲಿದೆ, ಏಕೆಂದರೆ ಎರಡೂ ಒಂದೇ ಬಿಸಿಲು ಕಂಡಿವೆ. ಇವುಗಳ ನಡುವೆ ಎಷ್ಟು ಅಂತರವಿದೆಯೋ ಅಷ್ಟೇ ನಿಂಬೆಯ ಸ್ವಂತ ಸಂಪಾದನೆ. ತಿಳಿಗಂದು ಕೂದಲಿನಲ್ಲಿ ಆ ಅಂತರ ಕಣ್ಣಿಗೆ ಬಿದ್ದರೂ ಬೀಳಬಹುದು, ಹೊಂಬಣ್ಣದ ಕೂದಲಿನಲ್ಲಿ ಇನ್ನೂ ಸುಲಭ. ಕಡುಕಪ್ಪು ಕೂದಲಿನಲ್ಲಿ ಸಾಮಾನ್ಯವಾಗಿ ಏನೂ ಕಾಣದು. ಕುಚ್ಚನ್ನು ಬೆಳಕಿಗೆ ಅಡ್ಡ ಹಿಡಿದು ಅಂಚಿನ ಒಂಟಿ ಎಳೆಗಳನ್ನು ನೋಡಿದರೆ, ಒಂದಷ್ಟು ಇಟ್ಟಿಗೆಗೆಂಪು ಮಿನುಗು ಕಂಡೀತು, ಅದೂ ಸವೆದ ತುದಿಗಳಲ್ಲಿ. ಕುಚ್ಚನ್ನು ಮತ್ತೆ ಕಾಗದದ ಮೇಲಿಟ್ಟರೆ ಅದು ಕಪ್ಪೇ.

ಕೆಂಪು, ತಾಮ್ರ, ಕಿತ್ತಳೆ ಅಂತಲೇ ಏಕೆ ಹೇಳುತ್ತಿದ್ದೇನೆ, ಹೊಂಬಣ್ಣ ಅಂತ ಏಕಿಲ್ಲ? ಗಾಢ ಕೂದಲು ಇಳಿಯುವಾಗ ಮೊದಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ, ಈ ಮೆಟ್ಟಿಲುಗಳಲ್ಲೇ ಇಳಿಯುತ್ತದೆ. ಬ್ಲೀಚ್ ಹಾಕಿದರೂ ದಾರಿ ಇದೇ, ವೇಗ ಮಾತ್ರ ಬೇರೆ. ಬಿಸಿಲಿಗೆ ಒಂದು ಮೆಟ್ಟಿಲು ಇಳಿದರೆ ದೊಡ್ಡದು, ಕಪ್ಪು ಕೂದಲು ಅಲ್ಲಿಗೇ ಕೆಂಪಿನಲ್ಲಿ ನಿಂತುಬಿಡುತ್ತದೆ. ಹೊಂಬಣ್ಣಕ್ಕೆಂದು ಹೊರಟವರಿಗೆ ಮಂಕಾದ ತುಕ್ಕಿನ ಬಣ್ಣ ಸಿಗುವುದು ಹೀಗೆ.

ನಾಲ್ಕನೆಯದು, ಅಂದರೆ ಕತ್ತಲಲ್ಲಿ ನಿಂಬೆ ಕಂಡ ಕುಚ್ಚು, ತಿಳಿಯಾಗಿ ಕಂಡರೆ? ಹಾಗಾಗುವುದು ಎರಡು ಸಂದರ್ಭಗಳಲ್ಲಿ. ಒಂದು, ಗಡಸು ನೀರಿನಲ್ಲಿ ತಲೆ ತೊಳೆಯುವವರ ಕೂದಲ ಮೇಲೆ ಸುಣ್ಣ, ಕಬ್ಬಿಣದ ಅಂಶ ಪದರವಾಗಿ ಕೂತು ಮಂಕು ಕವಿದಿರುತ್ತದೆ. ಸಿಟ್ರಿಕ್ ಆಮ್ಲ ಆ ಲೋಹಗಳನ್ನು ಹಿಡಿದು ಬಿಡಿಸುತ್ತದೆ. ಕೊಳೆ ಹೋಗಿ ಹೊಳಪು ಬಂತು, ಬಣ್ಣ ಇಳಿದಿಲ್ಲ. ಇನ್ನೊಂದು, ಆ ಕೂದಲಿಗೆ ಮೊದಲೇ ಬಣ್ಣ ಹಾಕಿದ್ದಿರಬೇಕು. ಹಾಕಿದ ಬಣ್ಣ, ಅದರಲ್ಲೂ ತೊಳೆದಂತೆ ಹೋಗುವ ತಾತ್ಕಾಲಿಕ ಬಣ್ಣ, ಪ್ರತಿ ತೊಳೆತಕ್ಕೂ ಸ್ವಲ್ಪ ಸ್ವಲ್ಪ ಕಳಚುತ್ತದೆ. "ನನಗಂತೂ ನಿಂಬೆ ಕೆಲಸ ಮಾಡಿತು" ಎಂದು ಗಟ್ಟಿಯಾಗಿ ಹೇಳುವ ಪರಿಚಯದವರೊಬ್ಬರನ್ನು ಕೇಳಿದಾಗ ತಿಳಿದದ್ದೂ ಇದೇ: ಅದಕ್ಕೂ ಕೆಲವು ತಿಂಗಳ ಹಿಂದೆ ಅವರು ಕಡುಗಂದು ಬಣ್ಣ ಹಾಕಿಸಿದ್ದರು. ಕಳಚಿದ್ದು ಆ ಬಣ್ಣ. ಬುಡದಿಂದ ಹೊಸದಾಗಿ ಬೆಳೆದಿದ್ದ ಸಹಜ ಕೂದಲು ಇದ್ದಂತೆಯೇ ಇತ್ತು.

ಜೇನಿನ ಲೆಕ್ಕ

ಜೇನಿನ ವಾದ ಮೂರರಲ್ಲಿ ಹೆಚ್ಚು ಬುದ್ಧಿವಂತವಾದದ್ದು, ಹಾಗಾಗಿ ಅದಕ್ಕೆ ಸ್ವಲ್ಪ ಜಾಗ ಕೊಡೋಣ. ಜೇನಿನಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವಿದೆ, ಜೇನುಹುಳುಗಳೇ ಸೇರಿಸಿದ್ದು. ಗಟ್ಟಿ ಜೇನಿನಲ್ಲಿ ಅದು ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತದೆ. ನೀರು ಬೆರೆಸಿದರೆ ಎಚ್ಚೆತ್ತು, ಗ್ಲೂಕೋಸನ್ನು ಗ್ಲುಕೋನಿಕ್ ಆಮ್ಲವಾಗಿ ಬದಲಿಸುತ್ತಾ ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಅಂದರೆ ಜೇನುನೀರಿನಲ್ಲಿ ಬ್ಲೀಚಿನ ಮೂಲವಸ್ತು ಇರುವುದು ನಿಜ. ಜೇನು ಬ್ಯಾಕ್ಟೀರಿಯ ಕೊಲ್ಲುವ ಕಾರಣಗಳಲ್ಲಿ ಇದೂ ಒಂದು.

ಪ್ರಶ್ನೆ ಎಷ್ಟು ಎಂಬುದು. ನೀರು ಬೆರೆಸಿದ ಜೇನಿನಲ್ಲಿ ಕೂಡಿಕೊಳ್ಳುವ ಪೆರಾಕ್ಸೈಡ್ ಸಾಮಾನ್ಯವಾಗಿ ಲೀಟರಿಗೆ ಒಂದೆರಡು ಮಿಲಿಮೋಲ್, ಪೆರಾಕ್ಸೈಡಿನ ಒಂದು ಮಿಲಿಮೋಲ್ ಎಂದರೆ 34 ಮಿಲಿಗ್ರಾಂ. ಎರಡು ಎಂದೇ ಹಿಡಿಯಿರಿ. ನಿಮ್ಮ ಬಟ್ಟಲಿನಲ್ಲಿ 100 ಮಿಲಿಲೀಟರ್ ಜೇನುನೀರು ಇದ್ದರೆ ಅದರಲ್ಲಿರುವ ಪೆರಾಕ್ಸೈಡ್ ಸುಮಾರು 7 ಮಿಲಿಗ್ರಾಂ. ಕೂದಲಿಗೆ ಬಣ್ಣ ಹಾಕುವಾಗ ಬಳಸುವ ಶೇಕಡಾ 6ರ ಡೆವಲಪರ್ ಅಷ್ಟೇ ತೆಗೆದುಕೊಂಡರೆ ಅದರಲ್ಲಿ 6 ಗ್ರಾಂ, ಅಂದರೆ 6,000 ಮಿಲಿಗ್ರಾಂ. ಎಂಟುನೂರು ಪಟ್ಟಿಗೂ ಹೆಚ್ಚು. ಅದರ ಮೇಲೆ ಜೇನು ತಾನೇ ಆಮ್ಲೀಯ, ಪಿಎಚ್ 4ರ ಆಸುಪಾಸು. ಇರುವ ಆ ಚೂರು ಪೆರಾಕ್ಸೈಡಿಗೂ ಬೇಕಾದ ಕ್ಷಾರ ಅಲ್ಲಿಲ್ಲ. ಕೂದಲಿನ ಹುರುಪೆಗಳೂ ಮುಚ್ಚಿವೆ.

ಐದನೆಯ ಕುಚ್ಚು ಮೊದಲ ಕುಚ್ಚಿನಂತೆಯೇ ಕಾಣುವುದು ಇದರಿಂದ. ರಾತ್ರಿಯಿಡೀ ಎಂಬುದನ್ನು ವಾರವಿಡೀ ಎಂದು ಮಾಡಿದರೂ ಕಪ್ಪು ಕೂದಲಿನಲ್ಲಿ ಈ ಮಾತು ಬದಲಾಗುವುದಿಲ್ಲ. ಕುಚ್ಚು ಕೊಂಚ ನುಣುಪಾಗಿ, ಹೊಳಪಾಗಿ ಕಂಡರೆ ಆಶ್ಚರ್ಯವಿಲ್ಲ, ಜೇನು ತೇವ ಹಿಡಿದಿಡುವ ವಸ್ತು. ಹೊಳಪು ಹೆಚ್ಚಾದಾಗ ಬೆಳಕು ಹೆಚ್ಚು ಚಿಮ್ಮಿ, ಒಂದು ಕೋನದಿಂದ ಬಣ್ಣ ತಿಳಿಯಾದಂತೆ ಅನ್ನಿಸುತ್ತದೆ. ಕುಚ್ಚನ್ನು ಬೆರಳಲ್ಲಿ ಹೊರಳಿಸಿ ನೋಡಿ, ಹೊಳಪು ಜಾಗ ಬದಲಿಸುತ್ತದೆ. ಬಣ್ಣ ಹಾಗೆ ಓಡಾಡುವುದಿಲ್ಲ.

ಜೇನಿನ ಪಾಕಗಳಲ್ಲಿ ಎರಡು ವಿಚಿತ್ರ ಸಲಹೆಗಳು ಸಿಗುತ್ತವೆ. ಜೇನನ್ನು ಬಿಸಿ ಮಾಡಿ ಹಚ್ಚಿ ಎನ್ನುವುದು ಒಂದು. ಕಾವು ಹೆಚ್ಚಾದರೆ ಕಿಣ್ವವೇ ಸಾಯುತ್ತದೆ, ಇದ್ದ ಏಳು ಮಿಲಿಗ್ರಾಮೂ ಹುಟ್ಟುವುದಿಲ್ಲ. ಜೇನಿಗೆ ನಿಂಬೆರಸ ಹಿಂಡಿ ಎನ್ನುವುದು ಇನ್ನೊಂದು. ಅಷ್ಟು ಹುಳಿಯಲ್ಲಿ ಕಿಣ್ವ ಸರಿಯಾಗಿ ದುಡಿಯುವುದಿಲ್ಲ, ಹಾಗಾಗಿ ಎರಡನ್ನೂ ಬೆರೆಸಿದವರು ಜೇನಿನ ಒಂದೇ ಒಂದು ಅಸ್ತ್ರವನ್ನು ತಾವೇ ಮೊಂಡು ಮಾಡಿರುತ್ತಾರೆ. ದಾಲ್ಚಿನ್ನಿ ಪುಡಿ ಸೇರಿಸುವವರೂ ಇದ್ದಾರೆ. ಅದರಲ್ಲಿರುವ ಸಿನ್ನಮಾಲ್ಡಿಹೈಡ್ ನೆತ್ತಿ ಉರಿಸುವ ಕೆಲಸವನ್ನಂತೂ ಚೆನ್ನಾಗಿ ಮಾಡುತ್ತದೆ.

ಕ್ಯಾಮೊಮೈಲ್ ಒಂದು ಬಣ್ಣ

ಆರನೆಯ ಕುಚ್ಚಿನ ಕೂದಲಿಗಿಂತ ಮೊದಲು ಅದಕ್ಕೆ ಕಟ್ಟಿದ ದಾರ ನೋಡಿ. ಬಿಳಿ ದಾರಕ್ಕೆ ತೆಳು ಹಳದಿ ಹತ್ತಿರುತ್ತದೆ. ಕ್ಯಾಮೊಮೈಲ್ ಹೂವಿನಲ್ಲಿರುವ ಎಪಿಜೆನಿನ್ ಎಂಬ ಹಳದಿ ವಸ್ತುವಿನ ಕೆಲಸವದು. ಅದು ಬಣ್ಣಗಾರರ ಪಟ್ಟಿಯಲ್ಲಿರುವ ಸಹಜ ಬಣ್ಣಗಳಲ್ಲೊಂದು. ಕೂದಲ ಹೊರಮೈಗೆ ತೆಳುವಾಗಿ ಅಂಟಿಕೊಳ್ಳುತ್ತದೆ, ಒಳಗಿನ ಮೆಲನಿನ್ ತಂಟೆಗೆ ಹೋಗುವುದಿಲ್ಲ.

ಹೊಂಬಣ್ಣದ ಕೂದಲಿನ ಮೇಲೆ ಈ ಹಳದಿ ಸೇರಿದರೆ ಬಣ್ಣ ಇನ್ನಷ್ಟು ಬೆಚ್ಚಗೆ, ಬಿಸಿಲು ಬಿದ್ದಂತೆ ಕಾಣುತ್ತದೆ. ಕ್ಯಾಮೊಮೈಲ್‌ಗೆ ಹೆಸರು ಬಂದದ್ದೇ ಅಂಥ ಕೂದಲಿನವರಿಂದ. ಕಪ್ಪಿನ ಮೇಲೆ ಹಳದಿ ಬಳಿದರೆ ಕಾಣುವುದು ಕಪ್ಪೇ. ಹೆಚ್ಚು ಹೊತ್ತು ಇಟ್ಟರೆ, ಇನ್ನೂ ಗಟ್ಟಿ ಕಷಾಯ ಮಾಡಿದರೆ, ಬಿಸಿಲಿಗೆ ಕೂತರೆ ಎಂದು ಮುಂದುವರಿಸುವುದು ವ್ಯರ್ಥ. ಬಿಸಿಲಿಗೆ ಕೂತು ಏನಾದರೂ ಬದಲಾದರೆ ಅದು ಎರಡನೆಯ ಕುಚ್ಚಿನ ಕತೆಯೇ.

ನರೆತ ಕೂದಲಿರುವವರು ಇದನ್ನು ಬಳಸುವ ಮೊದಲು ಕೆಲವು ಬಿಳಿ ಎಳೆಗಳನ್ನು ಬೇರೆಯಾಗಿ ಅದ್ದಿ ನೋಡಬೇಕು. ಬಿಳಿ ಕೂದಲು ದಾರದ ಹಾಗೆಯೇ ಹಳದಿ ಹಿಡಿಯುತ್ತದೆ. ಕೆಲವರಿಗೆ ಅದು ಇಷ್ಟ, ಬೆಳ್ಳಿಯಂತೆ ಇರಲಿ ಎಂದುಕೊಂಡವರಿಗೆ ಹೊಗೆ ಹಿಡಿದಂತೆ ಕಾಣುತ್ತದೆ. ಕೆಲವು ಸಲ ತಲೆ ತೊಳೆದರೆ ಹೋಗುತ್ತದೆ. ಇನ್ನೊಂದು ಎಚ್ಚರಿಕೆ: ಕ್ಯಾಮೊಮೈಲ್ ಸೇವಂತಿಗೆ, ಚೆಂಡುಹೂಗಳ ಕುಟುಂಬದ ಗಿಡ. ಆ ಹೂಗಳನ್ನು ಮುಟ್ಟಿದರೆ ತುರಿಕೆ, ಸೀನು ಬರುವವರಿಗೆ ಇದೂ ಆಗಿಬರದಿರಬಹುದು. ಮೊಣಕೈಯ ಒಳಭಾಗಕ್ಕೆ ಕಷಾಯ ಒಂದು ಹನಿ ಹಚ್ಚಿ ಎರಡು ದಿನ ಕಾದು ನೋಡಿ.

ಅಷ್ಟಾದರೂ ನಿಂಬೆ ಹಚ್ಚುವುದಾದರೆ

ನಿಮ್ಮ ಮೂರನೆಯ ಕುಚ್ಚು ಎರಡನೆಯದಕ್ಕಿಂತ ಕಣ್ಣಿಗೆ ಕಾಣುವಷ್ಟು ತಿಳಿಯಾಗಿದ್ದು, ಆ ಬಣ್ಣ ನಿಮಗೆ ಹಿಡಿಸಿದ್ದರೆ ಮಾತ್ರ ಮುಂದಿನದನ್ನು ಓದಿ. ಕಡುಕಪ್ಪು ಕೂದಲಿನವರಿಗೆ ಇದರಿಂದ ಸಿಗುವುದು ಒರಟುತನವಷ್ಟೇ.

ರಸವನ್ನು ಸಣ್ಣ ಬಟ್ಟೆಯಲ್ಲಿ ಸೋಸಿ, ಒಂದು ಪಾಲು ರಸಕ್ಕೆ ಎರಡು ಪಾಲು ನೀರು ಬೆರೆಸಿ. ಪರೀಕ್ಷೆಗಿಂತ ತೆಳು, ಏಕೆಂದರೆ ಈಗ ಇದು ತಲೆಯ ಮೇಲಿರುತ್ತದೆ. ಸ್ಪ್ರೇ ಬಾಟಲಿಯಿಂದ ಚಿಮ್ಮಿಸಿದರೆ ಹನಿಗಳು ಹಣೆ, ಕಿವಿ, ಕುತ್ತಿಗೆಯ ಮೇಲೆಲ್ಲ ಬೀಳುತ್ತವೆ. ಅದರ ಬದಲು ಕೈಗವಸು ಹಾಕಿ, ಹತ್ತಿಯನ್ನು ಅದರಲ್ಲಿ ಅದ್ದಿ, ಬೇಕಾದ ಎಳೆಗಳ ನಡುವಿನಿಂದ ತುದಿಯವರೆಗೆ ಸವರಿ. ಬುಡಕ್ಕೂ ನೆತ್ತಿಗೂ ಬೇಡ. ಒದ್ದೆ ಕೂದಲು ಭುಜಕ್ಕೆ ತಾಗದಂತೆ ಬಟ್ಟೆ ಹೊದ್ದುಕೊಳ್ಳಿ. ಬಿಸಿಲಿಗೆ ಹೋಗುವ ಮೊದಲು ಮುಖ, ಕಿವಿಯ ಹಿಂಭಾಗ, ಕುತ್ತಿಗೆ, ಕೈಗಳನ್ನು ಸೋಪು ಹಾಕಿ ತೊಳೆಯಿರಿ. ಅರ್ಧ ಗಂಟೆ ಸಾಕು. ಒಳಗೆ ಬಂದ ಕೂಡಲೇ ಚೆನ್ನಾಗಿ ತೊಳೆದು ಕಂಡೀಷನರ್ ಹಚ್ಚಿ. ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಬೇಡ.

ಚರ್ಮದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ನಿಂಬೆ ಜಾತಿಯ ಹಣ್ಣುಗಳಲ್ಲಿ, ಅದರಲ್ಲೂ ಸಿಪ್ಪೆಯ ಎಣ್ಣೆಯಲ್ಲಿ, ಫ್ಯೂರೋಕುಮರಿನ್ ಎಂಬ ವಸ್ತುಗಳಿವೆ. ಚರ್ಮದ ಮೇಲೆ ಅವು ಇದ್ದಾಗ ಬಿಸಿಲು ಬಿದ್ದರೆ ಸುಟ್ಟಂತೆ ಗಾಯವಾಗುತ್ತದೆ. ಸಣ್ಣ ಹಸಿರು ನಿಂಬೆಯಲ್ಲಿ ಇದು ದೊಡ್ಡ ಹಳದಿ ನಿಂಬೆಗಿಂತ ಹೆಚ್ಚು. ಮೋಸದ ಸಂಗತಿಯೆಂದರೆ ಆ ಹೊತ್ತಿಗೆ ಏನೂ ಅನ್ನಿಸುವುದಿಲ್ಲ. ಮರುದಿನವೋ ಅದರಾಚೆಯ ದಿನವೋ ಕೆಂಪಗಾಗಿ, ಉರಿದು, ಕೆಲವೊಮ್ಮೆ ಬೊಬ್ಬೆ ಏಳುತ್ತದೆ. ರಸ ಹರಿದ ಜಾಡಿನಲ್ಲೇ ಇಳಿಗೆರೆಯಾಗಿ, ಹನಿ ಬಿದ್ದಲ್ಲಿ ಚುಕ್ಕೆಯಾಗಿ ಕಾಣುವುದೇ ಇದರ ಗುರುತು. ಗಾಯ ಮಾಗಿದ ಮೇಲೆ ಉಳಿಯುವ ಕಪ್ಪು ಕಲೆ ಹೋಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಬೊಬ್ಬೆ ಬಂದರೆ ಒಡೆಯಬೇಡಿ, ತಣ್ಣೀರ ಬಟ್ಟೆ ಇಡಿ, ಬಿಸಿಲಿಗೆ ತೋರಿಸಬೇಡಿ. ಹರಡಿದ್ದರೆ, ಮುಖದ ಮೇಲಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ, ನಿಂಬೆ ಹಚ್ಚಿದ್ದನ್ನು ಮುಚ್ಚಿಡದೆ ಹೇಳಿ.

ಕೂದಲಿನ ಸ್ಥಿತಿ ತಿಳಿಯಲು ಒದ್ದೆ ಇರುವಾಗ ಒಂದು ಎಳೆಯ ಎರಡು ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ಗಟ್ಟಿ ಕೂದಲು ಸ್ವಲ್ಪ ಹಿಗ್ಗಿ, ಬಿಟ್ಟಾಗ ಮರಳುತ್ತದೆ. ಹಿಗ್ಗಿದ್ದು ಹಾಗೇ ಜೋತುಬಿದ್ದರೆ, ಇಲ್ಲವೇ ಹಿಗ್ಗದೆ ಪಟ್ಟನೆ ತುಂಡಾದರೆ, ತುದಿಗಳಲ್ಲಿ ಬಿಳಿ ಚುಕ್ಕೆಗಳು ಕಾಣತೊಡಗಿದರೆ ಅಲ್ಲಿಗೆ ನಿಲ್ಲಿಸಿ. ಬಿಸಿಲು ಮೆಲನಿನ್ ಒಂದನ್ನೇ ಆರಿಸಿ ಒಡೆಯುವುದಿಲ್ಲ, ಕೂದಲಿಗೆ ಬಲ ಕೊಡುವ ಪ್ರೋಟೀನನ್ನೂ ಒಡೆಯುತ್ತದೆ. ಮೆಲನಿನ್ ಕಡಿಮೆಯಾದಷ್ಟೂ ಆ ಪ್ರೋಟೀನಿಗೆ ಇದ್ದ ಮರೆಯೂ ಕಡಿಮೆ. ಕೂದಲು ಜೀವವಿಲ್ಲದ ಎಳೆಯಾದ್ದರಿಂದ ಕೆಟ್ಟದ್ದು ತಾನಾಗಿ ಸರಿಹೋಗದು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಹೊಸದು ಬೆಳೆದು ಹಳೆಯದನ್ನು ಕತ್ತರಿಸುವವರೆಗೆ ಅದು ಹಾಗೇ ಇರುತ್ತದೆ.

ಹುಳಿ ಹೆಚ್ಚಾಯಿತೆಂದು ಅಡುಗೆ ಸೋಡಾ ಬೆರೆಸುವವರಿದ್ದಾರೆ. ನೊರೆ ಬರುತ್ತದೆ, ಆಮ್ಲ ತಣ್ಣಗಾಗುತ್ತದೆ, ಕೈಯಲ್ಲಿ ಉಳಿಯುವುದು ಉಪ್ಪುನೀರಿನಂಥ ಒಂದು ದ್ರಾವಣ.

ನಿಜಕ್ಕೂ ಬಣ್ಣ ಇಳಿಸಬೇಕಿದ್ದರೆ

ಕಪ್ಪು ಕೂದಲನ್ನು ಕಂದು ಅಥವಾ ಹೊಂಬಣ್ಣಕ್ಕೆ ತರಬೇಕಿದ್ದರೆ ಪೆರಾಕ್ಸೈಡ್ ಬಿಟ್ಟು ದಾರಿಯಿಲ್ಲ, ಅದನ್ನು ಅಭ್ಯಾಸವಿರುವ ಕೈಗೆ ಒಪ್ಪಿಸುವುದು ವಾಸಿ. ಹೋಗುವಾಗ ಕತ್ತರಿಸಿದ ಕುಚ್ಚುಗಳಲ್ಲಿ ಉಳಿದದ್ದೊಂದನ್ನು ತೆಗೆದುಕೊಂಡು ಹೋಗಿ, ಕಳೆದ ಎರಡು ಮೂರು ವರ್ಷಗಳಲ್ಲಿ ಕೂದಲಿಗೆ ಹಾಕಿದ್ದನ್ನೆಲ್ಲ ಹೇಳಿ. ಮದರಂಗಿ ಎಂದು ಮಾರುವ ಕೆಲವು ಪುಡಿಗಳಲ್ಲಿ, ನರೆ ಮೆಲ್ಲಮೆಲ್ಲಗೆ ಕಪ್ಪಾಗಿಸುತ್ತೇವೆನ್ನುವ ಕೆಲವು ದ್ರಾವಣಗಳಲ್ಲಿ ಲೋಹದ ಲವಣಗಳಿರುತ್ತವೆ. ಪೆರಾಕ್ಸೈಡ್ ಅವುಗಳ ಮೇಲೆ ಬಿದ್ದರೆ ಕೂದಲು ಬಿಸಿಯಾಗಿ, ನೊರೆಯೆದ್ದು, ಬುಡದಿಂದಲೇ ತುಂಡಾಗಿ ಬರಬಹುದು. ಬ್ಲೀಚನ್ನು ಮೊದಲು ಆ ಕುಚ್ಚಿನ ಮೇಲೆ ಹಾಕಿ ನೋಡಲು ಕೇಳಿ. ಕುಚ್ಚು ಬೆಚ್ಚಗಾದರೆ, ನೊರೆ ಎದ್ದರೆ, ಕಟು ವಾಸನೆ ಬಂದರೆ, ಆ ಕೂದಲು ಬೆಳೆದು ಕತ್ತರಿಸಿ ಹೋಗುವವರೆಗೆ ತಲೆಗೆ ಬ್ಲೀಚ್ ತಾಗಿಸಬೇಡಿ.